ಮೀಟರ್‌ನಲ್ಲಿ HI ಕಾಣುವ ಮೊದಲಿನ ಆರು ದಿನ

ಟೈಪ್ 2 ಡಯಾಬಿಟೀಸ್ ಇರುವ ಹಿರಿಯರೊಬ್ಬರು ನಾಲ್ಕೈದು ದಿನಗಳಿಂದ ಮಂಕಾಗಿದ್ದಾರೆ. ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುತ್ತಾರೆ. ಹಗಲಲ್ಲೂ ಮಲಗುತ್ತಾರೆ. ಜ್ವರದ ಸುಸ್ತು ಇನ್ನೂ ಇಳಿದಿಲ್ಲ, ವಯಸ್ಸೂ ಆಯಿತಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಹೊಟ್ಟೆನೋವಿಲ್ಲ, ವಾಂತಿ ಇಲ್ಲ, ಏದುಸಿರಿಲ್ಲ. ಹಾಗಾಗಿ ಯಾರಿಗೂ ಗಾಬರಿ ಆಗುವುದಿಲ್ಲ. ಆದರೆ ಅಷ್ಟರಲ್ಲಿ ಅವರ ದೇಹದಿಂದ ಆರೇಳು ಲೀಟರ್ ನೀರು ಹೊರಗೆ ಹೋಗಿರಬಹುದು.

ಈ ಸ್ಥಿತಿಗೆ ವೈದ್ಯರು ಹೈಪರ್‌ಆಸ್ಮೋಲಾರ್ ಹೈಪರ್‌ಗ್ಲೈಸೀಮಿಕ್ ಸ್ಟೇಟ್ ಎನ್ನುತ್ತಾರೆ. ಚಿಕ್ಕದಾಗಿ ಎಚ್‌ಎಚ್‌ಎಸ್. ರಕ್ತದಲ್ಲಿ ಸಕ್ಕರೆ ವಿಪರೀತ ಏರಿ, ದೇಹ ಒಣಗಿ, ರಕ್ತ ಗಟ್ಟಿ ಪಾಕದಂತಾಗುವುದು ಎಂದರೆ ಅರ್ಥವಾಗುತ್ತದೆ. ಹಳೆಯ ಹೆಸರಿನಲ್ಲಿ ‘ಕೋಮಾ’ ಎಂಬ ಪದವೂ ಇತ್ತು. ಪೂರ್ತಿ ಪ್ರಜ್ಞೆ ತಪ್ಪಿ ಬರುವವರು ಕಡಿಮೆ, ಮಂಪರಿನಲ್ಲಿ ಬರುವವರೇ ಹೆಚ್ಚು ಎಂದು ತಿಳಿದ ಮೇಲೆ ಆ ಪದ ಬಿಟ್ಟುಹೋಯಿತು. ಮನೆಯವರು ಪ್ರಜ್ಞೆ ತಪ್ಪುವವರೆಗೆ ಕಾಯಬಾರದು ಎನ್ನುವುದಕ್ಕೆ ಈ ಹೆಸರಿನ ಬದಲಾವಣೆಯೇ ಒಂದು ಕಾರಣ ಕೊಡುತ್ತದೆ.

ಇದು ಒಂದೇ ರಾತ್ರಿಯಲ್ಲಿ ಬರುವ ಕಾಯಿಲೆಯಲ್ಲ. ಹಲವು ದಿನ, ಕೆಲವೊಮ್ಮೆ ಎರಡು ವಾರ ತೆಗೆದುಕೊಂಡು ಬೆಳೆಯುತ್ತದೆ. ಆಸ್ಪತ್ರೆ ಸೇರಿದ ಮೇಲೂ ನೂರರಲ್ಲಿ ಹತ್ತಿಪ್ಪತ್ತು ಜನ ಉಳಿಯುವುದಿಲ್ಲ ಎಂದು ವೈದ್ಯಕೀಯ ಪುಸ್ತಕಗಳು ಬಹಳ ಕಾಲದಿಂದ ಹೇಳುತ್ತಾ ಬಂದಿವೆ. ಅಷ್ಟು ಅಪಾಯದ ಸ್ಥಿತಿಯೊಂದು ಹಿಡಿಯಲು ಇಷ್ಟು ದಿನ ಅವಕಾಶ ಕೊಡುತ್ತದೆ. ನನಗೆ ಮುಖ್ಯ ಅನ್ನಿಸುವುದು ಆ ದಿನಗಳೇ.

ಯಾಕೆ ಸದ್ದಿಲ್ಲದೆ ಬೆಳೆಯುತ್ತದೆ?

ಸಕ್ಕರೆ ಕಾಯಿಲೆಯಲ್ಲಿ ಇನ್ನೊಂದು ತುರ್ತು ಸ್ಥಿತಿ ಇದೆ, ಕೀಟೋಅಸಿಡೋಸಿಸ್. ಅಲ್ಲಿ ಇನ್ಸುಲಿನ್ ತೀರಾ ಕಡಿಮೆಯಾಗಿ ದೇಹ ಕೊಬ್ಬನ್ನು ಕರಗಿಸುತ್ತದೆ. ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುತ್ತದೆ. ಆ ಆಮ್ಲದಿಂದಲೇ ವಾಂತಿ, ಹೊಟ್ಟೆನೋವು, ಜೋರು ಉಸಿರು ಶುರುವಾಗುತ್ತವೆ. ಒಂದೆರಡು ದಿನದಲ್ಲೇ ರೋಗಿ ಆಸ್ಪತ್ರೆಗೆ ಬರುತ್ತಾರೆ.

ಟೈಪ್ 2 ಇರುವ ಹಿರಿಯರಲ್ಲಿ ಸ್ವಲ್ಪ ಇನ್ಸುಲಿನ್ ಇನ್ನೂ ಉಳಿದಿರುತ್ತದೆ. ಕೊಬ್ಬು ಕರಗದಂತೆ ತಡೆಯಲು ಆ ಸ್ವಲ್ಪ ಸಾಕು. ಆದರೆ ಸಕ್ಕರೆಯನ್ನು ಸ್ನಾಯುಗಳೊಳಗೆ ಸೇರಿಸಲು ಸಾಲದು. ಹಾಗಾಗಿ ಆಮ್ಲ ಅಷ್ಟಾಗಿ ಏರುವುದಿಲ್ಲ, ಸಕ್ಕರೆ ಮಾತ್ರ ಏರುತ್ತಲೇ ಹೋಗುತ್ತದೆ. ಎಚ್ಚರಿಸಬೇಕಾದ ವಾಂತಿ, ಹೊಟ್ಟೆನೋವು ಇಲ್ಲದ್ದರಿಂದ ಇದು ಸದ್ದಿಲ್ಲದೆ ಮುಂದುವರಿಯುತ್ತದೆ.

ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನು ಮೂತ್ರದಲ್ಲಿ ಬಿಡಲು ಶುರುಮಾಡುತ್ತದೆ. ವಯಸ್ಸಾದವರಲ್ಲಿ ಈ ಗಡಿ ಇನ್ನೂ ಮೇಲಿರಬಹುದು. (ಈ ಲೇಖನದಲ್ಲಿ ಬರುವ ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ.) ಸಕ್ಕರೆ ಒಂಟಿಯಾಗಿ ಹೋಗುವುದಿಲ್ಲ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮೂತ್ರ ಜಾಸ್ತಿ. ಚಿಕ್ಕ ವಯಸ್ಸಿನವರಾದರೆ ಬಾಯಾರಿಕೆ ತಡೆಯಲಾರದೆ ನೀರು ಕುಡಿದು ಆ ನಷ್ಟ ತುಂಬಿಸಿಕೊಳ್ಳುತ್ತಾರೆ. ವಯಸ್ಸಾದಂತೆ ಬಾಯಾರಿಕೆಯೇ ಮಂದವಾಗುತ್ತದೆ. ದೇಹ ಒಣಗುತ್ತಿದ್ದರೂ ನೀರು ಬೇಕು ಅನ್ನಿಸುವುದಿಲ್ಲ. ಅನ್ನಿಸಿದರೂ ಎದ್ದು ಹೋಗಿ ತೆಗೆದುಕೊಳ್ಳಲು ಮಂಡಿನೋವು, ಪಕ್ಕದಲ್ಲಿ ಯಾರೂ ಇಲ್ಲ. ರಾತ್ರಿ ಪದೇ ಪದೇ ಎದ್ದು ಹೋಗಬೇಕಾಗುತ್ತದೆ ಎಂದು ಬೇಕೆಂದೇ ನೀರು ಕಡಿಮೆ ಮಾಡುವವರೂ ಇದ್ದಾರೆ. ಮರೆವಿನ ಕಾಯಿಲೆ ಇದ್ದವರಿಗೆ ಕೇಳುವುದೂ ತಿಳಿಯುವುದಿಲ್ಲ.

ಒಂದು ಮನೆಯ ಆರು ದಿನ

ಈಗ ಒಂದು ಉದಾಹರಣೆ ನೋಡೋಣ. ಇದು ನಿಜವಾದ ಒಬ್ಬರ ಕಥೆಯಲ್ಲ, ಇಂಥ ಪ್ರಕರಣಗಳು ಸಾಮಾನ್ಯವಾಗಿ ಸಾಗುವ ದಾರಿಯನ್ನು ತೋರಿಸಲು ಹೆಣೆದದ್ದು. 74 ವರ್ಷದ ಅಮ್ಮ, ತೂಕ 60 ಕಿಲೋ. 15 ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬೆಳಗಿನ ಶುಗರ್ 150ರ ಆಸುಪಾಸು. ಬಿಪಿಗೆ ಒಂದು ಮಾತ್ರೆ, ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ.

ಮೊದಲ ದಿನ ಸಣ್ಣ ಜ್ವರ, ಮೂತ್ರ ಮಾಡುವಾಗ ಉರಿ. ಊಟ ಸೇರಲಿಲ್ಲ. “ಊಟವೇ ಮಾಡಿಲ್ಲ, ಶುಗರ್ ಮಾತ್ರೆ ಯಾಕಮ್ಮ?” ಎಂದು ಮಗಳು ಅದನ್ನು ನಿಲ್ಲಿಸಿದಳು. ಬಿಪಿ ಮಾತ್ರೆ ಮುಂದುವರಿಯಿತು. ಮಗಳು ಮಾಡಿದ್ದು ಕಾಳಜಿಯಿಂದಲೇ. ಊಟವಿಲ್ಲದೆ ಕೆಲವು ಮಾತ್ರೆ ನುಂಗಿದರೆ ಶುಗರ್ ಕುಸಿಯುತ್ತದೆ ಎಂಬ ಭಯದಲ್ಲೂ ಅರ್ಥವಿದೆ. ಆದರೆ ಸೋಂಕು ಬಂದಾಗ ದೇಹ ಒತ್ತಡದ ಹಾರ್ಮೋನುಗಳನ್ನು ಸುರಿಸುತ್ತದೆ. ಊಟ ಮಾಡದಿದ್ದರೂ ಲಿವರ್ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಹೊಟ್ಟೆ ಖಾಲಿ ಇದೆ, ಶುಗರ್ ಹೇಗೆ ಏರುತ್ತದೆ ಎಂಬ ಲೆಕ್ಕ ಅನಾರೋಗ್ಯದ ದಿನಗಳಲ್ಲಿ ಕೆಲಸ ಮಾಡುವುದಿಲ್ಲ.

ಎರಡನೇ ರಾತ್ರಿ ಅಮ್ಮ ಐದು ಸಲ ಎದ್ದರು. ಮೂತ್ರದ ಸೋಂಕು ಅಲ್ವಾ, ಅದಕ್ಕೇ ಇರಬೇಕು ಎಂದುಕೊಂಡರು. ಆ ಹೊತ್ತಿಗೆ ಮೀಟರ್‌ನಲ್ಲಿ ನೋಡಿದ್ದರೆ 300ರ ಮೇಲೆ ಇರುತ್ತಿತ್ತು. ಯಾರೂ ನೋಡಲಿಲ್ಲ. ಮೂರನೇ ದಿನ ನಿಶ್ಶಕ್ತಿ ಎಂದು ಹಣ್ಣಿನ ರಸ ಕೊಟ್ಟರು, ಎರಡು ಸಲ. ನಾಲ್ಕನೇ ದಿನ ನಾಲಿಗೆ ಒಣಗಿ ಮಾತು ತೊದಲಿತು, ಹಾಸಿಗೆಯಲ್ಲೇ ಮೂತ್ರ ಹೋಯಿತು.

ಐದನೇ ದಿನ ಮೂತ್ರ ಕಡಿಮೆಯಾಯಿತು. “ಇವತ್ತು ರಾತ್ರಿ ಎರಡೇ ಸಲ ಎದ್ದರು, ಪರವಾಗಿಲ್ಲ” ಎಂದು ಮನೆಯವರಿಗೆ ಸಮಾಧಾನ. ಇಡೀ ಕಥೆಯಲ್ಲಿ ದಾರಿ ತಪ್ಪಿಸುವ ಗಳಿಗೆ ಇದೇ. ಮೂತ್ರ ಇಳಿದದ್ದು ವಾಸಿಯಾಗುತ್ತಿರುವುದರಿಂದಲ್ಲ, ಸುರಿಯಲು ದೇಹದಲ್ಲಿ ನೀರೇ ಉಳಿದಿಲ್ಲದ್ದರಿಂದ. ಮೂತ್ರಪಿಂಡಕ್ಕೆ ರಕ್ತ ಕಡಿಮೆ ಹೋಗುತ್ತದೆ, ಹೆಚ್ಚಿನ ಸಕ್ಕರೆಯನ್ನು ಹೊರಹಾಕುವ ದಾರಿ ಮುಚ್ಚುತ್ತದೆ. ಅಲ್ಲಿಂದ ಶುಗರ್ ಇನ್ನೂ ವೇಗವಾಗಿ ಏರುತ್ತದೆ. ಮೂರು ದಿನ ವಿಪರೀತ ಮೂತ್ರ, ಆಮೇಲೆ ಇದ್ದಕ್ಕಿದ್ದಂತೆ ಕಡಿಮೆ, ಜೊತೆಗೆ ಹೆಚ್ಚುತ್ತಿರುವ ನಿದ್ದೆ. ಈ ಮೂರೂ ಒಟ್ಟಿಗೆ ಕಂಡರೆ ಅದು ಆಸ್ಪತ್ರೆಗೆ ಹೊರಡುವ ಹೊತ್ತು. ಅಮ್ಮ ಅಂದು ಮಗಳನ್ನು ತನ್ನ ತಂಗಿಯ ಹೆಸರಿನಿಂದ ಕರೆದರು.

ಆರನೇ ದಿನ ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಾರೆ. ಬಲಗೈಯಲ್ಲಿ ಶಕ್ತಿ ಇಲ್ಲ. ಸ್ಟ್ರೋಕ್ ಎಂದು ಎಲ್ಲರಿಗೂ ಗಾಬರಿ. ಹೊರಡುವ ಮೊದಲು ಮಗಳು ಮೀಟರ್ ಹಿಡಿದಳು. ಪರದೆಯ ಮೇಲೆ ಅಂಕಿ ಬರಲಿಲ್ಲ, HI ಎಂದು ಬಂತು.

HI ಎಂದರೆ ಎಷ್ಟು?

ಮೀಟರ್ ಕೆಟ್ಟಿದೆ, ಸ್ಟ್ರಿಪ್ ಹಳೆಯದು ಎಂದು ಹಲವರು ಅಂದುಕೊಳ್ಳುತ್ತಾರೆ. ಇನ್ನೊಂದು ಸ್ಟ್ರಿಪ್ ಹಾಕುತ್ತಾರೆ, ಮತ್ತೆ HI. ಅದು ದೋಷವಲ್ಲ. ಅಳೆಯಬಲ್ಲ ಗಡಿ ಮೀರಿದೆ ಎಂದು ಮೀಟರ್ ಹೇಳುತ್ತಿದೆ. ಹೆಚ್ಚಿನ ಮೀಟರ್‌ಗಳಲ್ಲಿ ಈ ಗಡಿ 600, ಕೆಲವದರಲ್ಲಿ 500. ನಿಮ್ಮ ಮನೆಯ ಮೀಟರ್‌ನ ಗಡಿ ಎಷ್ಟು ಎಂದು ಅದರ ಜೊತೆ ಬಂದ ಚೀಟಿಯಲ್ಲಿ ಬರೆದಿರುತ್ತದೆ. ಗಡಿಯಾಚೆ 620 ಇದೆಯೋ 1100 ಇದೆಯೋ ಲ್ಯಾಬ್‌ನಲ್ಲಿ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಕಡಿಮೆ ಜನಕ್ಕೆ ಗೊತ್ತು. ದೇಹ ತುಂಬಾ ಒಣಗಿದಾಗ ಬೆರಳ ತುದಿಯ ರಕ್ತ ನಿಜವಾದ ಮಟ್ಟಕ್ಕಿಂತ ಕಡಿಮೆ ತೋರಿಸಬಹುದು. ಹಾಗಾಗಿ ಮಂಪರಿನಲ್ಲಿರುವ ಹಿರಿಯರ ಮೀಟರ್‌ನಲ್ಲಿ 450 ಬಂದರೆ, ಇನ್ನೂ 600 ಆಗಿಲ್ಲವಲ್ಲ ಎಂದು ಕೂರುವಂತಿಲ್ಲ. ಮನಸ್ಸಿನ ಸ್ಥಿತಿ ಬದಲಾಗಿದೆ ಎನ್ನುವುದೇ ಅಂಕಿಗಿಂತ ದೊಡ್ಡ ಸೂಚನೆ.

ಬಲಗೈಯ ವಿಷಯಕ್ಕೆ ಬರೋಣ. ಎಚ್‌ಎಚ್‌ಎಸ್ ಸ್ಟ್ರೋಕ್‌ನಂತೆಯೇ ಕಾಣಬಹುದು. ಒಂದು ಬದಿ ಬಲ ಕಳೆದುಕೊಳ್ಳುವುದು, ಒಂದು ಕೈ ಅಥವಾ ಮುಖದ ಒಂದು ಪಕ್ಕ ಮಾತ್ರ ಅದುರುವ ಫಿಟ್ಸ್, ಕಣ್ಣಿನ ದೃಷ್ಟಿ ಅರ್ಧ ಹೋದಂತಾಗುವುದು, ಎಲ್ಲವೂ ಇದರಲ್ಲಿ ಆಗುತ್ತವೆ. ಸಕ್ಕರೆ ಮತ್ತು ನೀರು ಸರಿಹೋದಂತೆ ಎಷ್ಟೋ ಸಲ ಇವೆಲ್ಲ ವಾಪಸ್ ಹೋಗುತ್ತವೆ. ಆದರೆ ನಿಜವಾದ ಸ್ಟ್ರೋಕ್ ಕೂಡ ಎಚ್‌ಎಚ್‌ಎಸ್‌ಗೆ ಕಾರಣವಾಗಬಲ್ಲದು. ಮನೆಯಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ, ಅದರ ಅಗತ್ಯವೂ ಇಲ್ಲ. ಎರಡಕ್ಕೂ ತಡಮಾಡದೆ ಆಸ್ಪತ್ರೆಗೇ ಹೋಗಬೇಕು. ದಾರಿಯಲ್ಲೇ ಮೀಟರ್ ನೋಡಿ ಆ ಅಂಕಿಯನ್ನು ಹೇಳಿದರೆ ವೈದ್ಯರಿಗೆ ಸಮಯ ಉಳಿಯುತ್ತದೆ.

ರಿಪೋರ್ಟ್ ಓದುವುದು ಹೇಗೆ?

ಅಮ್ಮನ ರಿಪೋರ್ಟ್ ಹೀಗೆ ಬಂತು ಎಂದುಕೊಳ್ಳಿ. ಗ್ಲೂಕೋಸ್ 880. ಸೋಡಿಯಂ 142. ರಕ್ತದ ಪಿಎಚ್ 7.36, ಬೈಕಾರ್ಬನೇಟ್ 21, ಕೀಟೋನ್ 1.0.

2024ರಲ್ಲಿ ಅಮೆರಿಕ ಮತ್ತು ಯುರೋಪಿನ ಡಯಾಬಿಟೀಸ್ ಸಂಘಗಳು ಸೇರಿ ಹೊಸ ಒಮ್ಮತದ ವರದಿ ತಂದವು. ಅದರ ಪ್ರಕಾರ ಎಚ್‌ಎಚ್‌ಎಸ್ ಎನ್ನಲು ಗ್ಲೂಕೋಸ್ 600 ಅಥವಾ ಜಾಸ್ತಿ ಇರಬೇಕು. ಆಮ್ಲದ ಲಕ್ಷಣ ಇರಬಾರದು, ಅಂದರೆ ಪಿಎಚ್ 7.3ಕ್ಕಿಂತ ಕೆಳಗೆ ಹೋಗಿರಬಾರದು, ಬೈಕಾರ್ಬನೇಟ್ 15ಕ್ಕಿಂತ ಕಡಿಮೆ ಇರಬಾರದು, ಕೀಟೋನ್ 3ರ ಒಳಗಿರಬೇಕು. ಅಮ್ಮನಲ್ಲಿ ಇದೆಲ್ಲ ಹೊಂದುತ್ತದೆ. (ಎಚ್‌ಎಚ್‌ಎಸ್, ಕೀಟೋಅಸಿಡೋಸಿಸ್ ಎರಡೂ ಬೆರೆತು ಬರುವವರೂ ಬಹಳ ಜನ ಇದ್ದಾರೆ, ಅಂಥವರಲ್ಲಿ ಆಮ್ಲವೂ ಇರುತ್ತದೆ.) ಉಳಿದದ್ದು ರಕ್ತ ಎಷ್ಟು ಗಟ್ಟಿಯಾಗಿದೆ ಎನ್ನುವುದು. ಇದನ್ನು ಆಸ್ಮೋಲಾಲಿಟಿ ಎನ್ನುತ್ತಾರೆ, ಲೆಕ್ಕ ಸುಲಭ:

2 × ಸೋಡಿಯಂ + ಗ್ಲೂಕೋಸ್ ÷ 18

ಅಮ್ಮನ ಸೋಡಿಯಂ 142ರ ಎರಡರಷ್ಟು 284. ಗ್ಲೂಕೋಸ್ 880ನ್ನು 18ರಿಂದ ಭಾಗಿಸಿದರೆ ಸುಮಾರು 49. ಕೂಡಿದರೆ 333. ಆರೋಗ್ಯವಂತರಲ್ಲಿ ಇದು 290ರ ಆಸುಪಾಸಿನಲ್ಲಿ ಇರುತ್ತದೆ. ಮೊದಲು 320 ದಾಟಿದರೆ ಮಾತ್ರ ಎಚ್‌ಎಚ್‌ಎಸ್ ಎನ್ನುತ್ತಿದ್ದರು, 2024ರ ವರದಿ ಆ ಗಡಿಯನ್ನು 300ಕ್ಕೆ ಇಳಿಸಿತು. ಮಂಪರು ಕೂಡ ಈ ಅಂಕಿಯನ್ನೇ ಹಿಂಬಾಲಿಸುತ್ತದೆ. ಅಂಕಿ 320 ದಾಟಿದಂತೆ ಗೊಂದಲ, ನಿದ್ದೆ ಹೆಚ್ಚುತ್ತವೆ. ಒಬ್ಬರು ಪೂರ್ತಿ ಪ್ರಜ್ಞೆ ತಪ್ಪಿದ್ದು, ಈ ಅಂಕಿ 320ರ ಕೆಳಗೇ ಇದ್ದರೆ ವೈದ್ಯರು ಸಕ್ಕರೆಯನ್ನಷ್ಟೇ ದೂರಿ ಸುಮ್ಮನಾಗುವುದಿಲ್ಲ. ಮೆದುಳಿನ ಸೋಂಕು, ರಕ್ತಸ್ರಾವ, ಬೇರೆ ಔಷಧದ ಪರಿಣಾಮ, ಹೀಗೆ ಇನ್ನೇನೋ ಇದೆಯೇ ಎಂದು ಹುಡುಕುತ್ತಾರೆ.

ಈಗ ಸೋಡಿಯಂ ಮತ್ತೆ ನೋಡಿ. 142 ಎನ್ನುವುದು ಪೂರ್ತಿ ನಾರ್ಮಲ್. ರಿಪೋರ್ಟ್‌ನಲ್ಲಿ ಅದರ ಪಕ್ಕ ಯಾವ ಗುರುತೂ ಇರುವುದಿಲ್ಲ. ನೀರು ಇಷ್ಟು ಹೋಗಿದ್ದರೆ ಸೋಡಿಯಂ ಏರಬೇಕಿತ್ತಲ್ಲ? ಏರಿದೆ, ಆದರೆ ಮುಚ್ಚಿಹೋಗಿದೆ. ರಕ್ತದಲ್ಲಿರುವ ಸಕ್ಕರೆ ಜೀವಕೋಶಗಳಿಂದ ನೀರನ್ನು ಎಳೆದುಕೊಂಡು ಸೋಡಿಯಂ ಅನ್ನು ತೆಳುಮಾಡುತ್ತದೆ. ಸಕ್ಕರೆ 100ರ ಮೇಲೆ ಏರುವ ಪ್ರತಿ 100ಕ್ಕೂ ಸೋಡಿಯಂಗೆ 1.6 ಸೇರಿಸಿ ನೋಡಬೇಕು ಎನ್ನುವುದು ಬಳಕೆಯಲ್ಲಿರುವ ಲೆಕ್ಕ. ಅಮ್ಮನಲ್ಲಿ ಸಕ್ಕರೆ 780ರಷ್ಟು ಜಾಸ್ತಿ. 7.8 ಗುಣಿಸು 1.6, ಸುಮಾರು 12.5. ಅಂದರೆ ನಿಜವಾದ ಸೋಡಿಯಂ 154ರ ಮೇಲೆ. ನಾರ್ಮಲ್ ಎಂದು ಕಂಡ ಅಂಕಿಯ ಹಿಂದೆ ಗಂಭೀರ ನೀರಿನ ಕೊರತೆ ಇತ್ತು.

ಎಷ್ಟು ಕೊರತೆ? ಎಚ್‌ಎಚ್‌ಎಸ್‌ನಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 100ರಿಂದ 200 ಮಿಲಿ ನೀರು ಹೋಗಿರುತ್ತದೆ. 60 ಕಿಲೋ ಅಮ್ಮನಿಗೆ ಅದು 6ರಿಂದ 12 ಲೀಟರ್.

ಇನ್ಸುಲಿನ್‌ಗಿಂತ ಮೊದಲು ನೀರು

ಶುಗರ್ 880 ಇದೆ, ತಕ್ಷಣ ಇನ್ಸುಲಿನ್ ಯಾಕೆ ಕೊಡುತ್ತಿಲ್ಲ ಎಂದು ಮನೆಯವರು ಚಡಪಡಿಸುತ್ತಾರೆ. ಇದಕ್ಕೆ ಗಟ್ಟಿ ಕಾರಣವಿದೆ. ರಕ್ತನಾಳದಲ್ಲಿ ಉಳಿದಿರುವ ನೀರನ್ನು ಈಗ ಹಿಡಿದಿಟ್ಟಿರುವುದೇ ಆ ಸಕ್ಕರೆ. ಡ್ರಿಪ್ ಹಾಕದೆ ಇನ್ಸುಲಿನ್ ಕೊಟ್ಟರೆ ಸಕ್ಕರೆ ಜೀವಕೋಶದೊಳಗೆ ಹೋಗುತ್ತದೆ, ನೀರೂ ಹಿಂದೆಯೇ ಹೋಗುತ್ತದೆ. ರಕ್ತನಾಳ ಬರಿದಾಗಿ ಬಿಪಿ ಕುಸಿಯುತ್ತದೆ. ಪೊಟ್ಯಾಸಿಯಂ ಕೂಡ ಒಳಗೆ ನುಗ್ಗಿ, ರಕ್ತದಲ್ಲಿ ಅಪಾಯಕಾರಿ ಮಟ್ಟಕ್ಕೆ ಇಳಿದು ಹೃದಯದ ಬಡಿತ ಕೆಡಬಹುದು. ಅದಕ್ಕೇ ಪೊಟ್ಯಾಸಿಯಂ ನೋಡದೆ ಇನ್ಸುಲಿನ್ ಶುರುಮಾಡುವುದಿಲ್ಲ. ಅದು 3.5ಕ್ಕಿಂತ ಕಡಿಮೆ ಇದ್ದರೆ ಮೊದಲು ಪೊಟ್ಯಾಸಿಯಂ ತುಂಬಿಸುತ್ತಾರೆ. ಮನೆಯಲ್ಲಿ HI ನೋಡಿದ ತಕ್ಷಣ ಯಾರದೋ ಇನ್ಸುಲಿನ್ ಪೆನ್ ತೆಗೆದು ಅಂದಾಜಿನಲ್ಲಿ ಚುಚ್ಚಬಾರದು ಎನ್ನುವುದೂ ಇದೇ ಕಾರಣಕ್ಕೆ.

ಮೊದಲು ಸಲೈನ್. ಶುರುವಿನ ಕೆಲವು ಗಂಟೆ ಗಂಟೆಗೆ ಅರ್ಧ ಲೀಟರ್‌ನಿಂದ ಒಂದು ಲೀಟರ್. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿದ್ದರೆ ನಿಧಾನವಾಗಿ, ಶ್ವಾಸಕೋಶದಲ್ಲಿ ನೀರು ತುಂಬದಂತೆ ನೋಡಿಕೊಂಡು. ನೀರು ಸೇರಿ ಮೂತ್ರ ಮತ್ತೆ ಹರಿದರೆ ಇನ್ಸುಲಿನ್ ಇಲ್ಲದೆಯೇ ಸಕ್ಕರೆ ಇಳಿಯಲು ಶುರುವಾಗುತ್ತದೆ. ಆಮೇಲೆ ಬರುವ ಇನ್ಸುಲಿನ್ ಕೂಡ ಚಿಕ್ಕ ಪ್ರಮಾಣದ್ದು. ಕಿಲೋಗೆ ಗಂಟೆಗೆ 0.05 ಯೂನಿಟ್ ಎಂದರೆ ಅಮ್ಮನಿಗೆ ಗಂಟೆಗೆ 3 ಯೂನಿಟ್.

ನಿಧಾನಕ್ಕೆ ಇನ್ನೊಂದು ಕಾರಣ ಮೆದುಳು. ಹಲವು ದಿನ ಗಟ್ಟಿ ರಕ್ತಕ್ಕೆ ಹೊಂದಿಕೊಂಡಿರುವ ಮೆದುಳಿನ ಜೀವಕೋಶಗಳು, ರಕ್ತ ಒಮ್ಮೆಲೇ ತೆಳುವಾದರೆ ನೀರು ಎಳೆದುಕೊಂಡು ಊದಬಹುದು. ಹಾಗಾಗಿ ಆಸ್ಮೋಲಾಲಿಟಿಯನ್ನು ಗಂಟೆಗೆ 3ರಿಂದ 8ರಷ್ಟು ಮಾತ್ರ ಇಳಿಸುತ್ತಾರೆ. ಅಮ್ಮನ 333 ಅನ್ನು ಗಂಟೆಗೆ 5ರಂತೆ ಇಳಿಸಿದರೆ 300ಕ್ಕೆ ಬರಲು ಆರೇಳು ಗಂಟೆ ಬೇಕು. ಸಕ್ಕರೆಯನ್ನೂ ಮೊದಲ ದಿನ 100ಕ್ಕೆ ತರಲು ಹೋಗುವುದಿಲ್ಲ, 200ರಿಂದ 250ರ ನಡುವೆ ನಿಲ್ಲಿಸಿಕೊಳ್ಳುತ್ತಾರೆ. ಎರಡನೇ ದಿನವೂ ಶುಗರ್ 230 ಇದೆ ಎಂದು ಮನೆಯವರು ಬೇಸರಪಡಬೇಕಿಲ್ಲ. ಅದು ಬೇಕೆಂದೇ ಹಾಗೆ ಇಟ್ಟದ್ದು.

ಗಟ್ಟಿ ರಕ್ತ ಹೆಪ್ಪುಗಟ್ಟುವ ಸ್ವಭಾವದ್ದು. ಕಾಲಿನ ನಾಳದಲ್ಲಿ, ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಹಾಕಿಕೊಳ್ಳಬಹುದು. ರಕ್ತಸ್ರಾವದ ಅಪಾಯ ಇಲ್ಲದಿದ್ದರೆ ಅದನ್ನು ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಒಂದು ಕಾಲು ಮಾತ್ರ ಊದಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ನರ್ಸ್‌ಗೆ ಹೇಳಬೇಕು. ಮನೆಗೆ ಬಂದ ಮೇಲಾದರೆ ತಕ್ಷಣ ಆಸ್ಪತ್ರೆಗೆ.

ಎರಡನೇ ದಿನವೇ ಹಿಡಿಯುವುದು

ಅಮ್ಮನ ಕಥೆಯನ್ನು ಹಿಂದಕ್ಕೆ ತಿರುಗಿಸಿ ನೋಡಿ. ಎಲ್ಲಕ್ಕಿಂತ ಸುಲಭದ ಜಾಗ ಎರಡನೇ ರಾತ್ರಿ. ಜ್ವರ, ಕೆಮ್ಮು, ಮೂತ್ರದ ಉರಿ, ಗಾಯದ ಕೀವು, ಯಾವುದೇ ಸೋಂಕು ಬಂದ ದಿನದಿಂದ ನಾಲ್ಕಾರು ಗಂಟೆಗೊಮ್ಮೆ ಮೀಟರ್ ನೋಡಬೇಕು. ಊಟ ಮಾಡಿದರೂ ಸರಿ, ಬಿಟ್ಟರೂ ಸರಿ. 300 ದಾಟಿ, ಮುಂದಿನ ಸಲವೂ ಇಳಿಯದಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಮಾತ್ರೆ ನಿಲ್ಲಿಸಬೇಕೇ ಬೇಡವೇ ಎಂಬುದನ್ನೂ ಆಗಲೇ ಕೇಳಿಬಿಡಿ. ಇದಕ್ಕೆ ಒಂದೇ ಉತ್ತರ ಇಲ್ಲ. ಮೈಯ ನೀರು ಬತ್ತುತ್ತಿರುವಾಗ ಮೆಟ್‌ಫಾರ್ಮಿನ್, ಮೂತ್ರದಲ್ಲಿ ಸಕ್ಕರೆ ಬಿಡಿಸುವ ಮಾತ್ರೆಗಳು ಮತ್ತು ಬಿಪಿಯ ಮೂತ್ರದ ಔಷಧವನ್ನು ವೈದ್ಯರೇ ತಾತ್ಕಾಲಿಕವಾಗಿ ನಿಲ್ಲಿಸಿ ಬದಲಿ ಕೊಡಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಅದನ್ನು ತಾವಾಗಿ ಪೂರ್ತಿ ನಿಲ್ಲಿಸಬಾರದು.

ಸೋಂಕಲ್ಲದ ಕಾರಣಗಳೂ ಇವೆ. ಉಬ್ಬಸಕ್ಕೋ ಕೀಲುನೋವಿಗೋ ಸ್ಟೆರಾಯ್ಡ್ ಮಾತ್ರೆ ಶುರುವಾದಾಗ ಶುಗರ್ ಹಠಾತ್ತಾಗಿ ಏರುತ್ತದೆ. ಕೆಲವು ಮನೋರೋಗದ ಮಾತ್ರೆಗಳೂ ಏರಿಸುತ್ತವೆ. ಹೃದಯಾಘಾತ ನೋವಿಲ್ಲದೆ ಆಗಿ ಹೀಗೆ ಹೊರಬರಬಹುದು. ಇನ್ನು ಕೆಲವರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದೇ ಎಚ್‌ಎಚ್‌ಎಸ್‌ನೊಂದಿಗೆ ಮೊದಲ ಸಲ ಗೊತ್ತಾಗುತ್ತದೆ. “ನಮ್ಮವರಿಗೆ ಶುಗರ್ ಇಲ್ಲ” ಎಂಬ ಮಾತಿನ ಮೇಲೆ ಮೀಟರ್ ನೋಡದೆ ಬಿಡುವುದು ಸರಿಯಲ್ಲ.

ನೀರಿನ ವಿಷಯದಲ್ಲಿ “ಬಾಯಾರಿಕೆ ಆಗಿದೆಯಾ?” ಎಂದು ಕೇಳಿ ಪ್ರಯೋಜನ ಕಡಿಮೆ. ಹೊತ್ತು ನೋಡಿ ಲೋಟ ಕೈಗೆ ಕೊಡಬೇಕು, ಎಷ್ಟು ಕುಡಿದರು ಎಂದು ಬರೆದಿಡಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಇದ್ದವರು ಆ ಮಿತಿಯನ್ನು ವೈದ್ಯರ ಜೊತೆ ಮಾತಾಡಿಯೇ ಬದಲಿಸಬೇಕು. ಶುಗರ್ ಏರಿರುವಾಗ ಶಕ್ತಿಗೆಂದು ಸಿಹಿ ರಸ, ಗ್ಲೂಕೋಸ್ ನೀರು ಬೇಡ. ಮಂಪರಿನಲ್ಲಿರುವವರ ಬಾಯಿಗೆ ನೀರೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಗೊಂದಲ ಕಂಡಾಗ ಶುಗರ್ ಇಳಿದಿರಬೇಕು ಎಂದು ಸಕ್ಕರೆ ತಿನ್ನಿಸುವವರು ಬಹಳ. ಇಳಿದಾಗಲೂ ಏರಿದಾಗಲೂ ಗೊಂದಲ ಒಂದೇ ಥರ ಕಾಣುತ್ತದೆ. ಮೀಟರ್ ಕೈಗೆ ಸಿಗುವಂತಿದ್ದರೆ ಮೊದಲು ಅದನ್ನು ನೋಡಿ.

ಅಮ್ಮನ ಬಲಗೈ ಆಸ್ಪತ್ರೆ ಸೇರಿದ ಎರಡನೇ ದಿನ ಸಂಜೆ ಮೆಲ್ಲಗೆ ಎದ್ದಿತು. ಸಕ್ಕರೆ ಸರಿಯಾದ ಮೇಲೂ ಮಾತಿನ ಗೊಂದಲ ಇನ್ನೆರಡು ದಿನ ಉಳಿಯಿತು. ಇದು ಹಿರಿಯರಲ್ಲಿ ಸಾಮಾನ್ಯ, ಮೆದುಳು ರಿಪೋರ್ಟ್‌ಗಿಂತ ತಡವಾಗಿ ಚೇತರಿಸಿಕೊಳ್ಳುತ್ತದೆ. ಮನೆಗೆ ಕಳಿಸುವಾಗ ಇನ್ಸುಲಿನ್ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಸೋಂಕು ಪೂರ್ತಿ ಇಳಿದು ಶುಗರ್ ಹಿಡಿತಕ್ಕೆ ಬಂದರೆ ಹಲವರು ಮತ್ತೆ ಮಾತ್ರೆಗೆ ಮರಳುತ್ತಾರೆ. ಮಗಳು ಮೀಟರ್ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ: “ಜ್ವರ ಬಂದ ದಿನದಿಂದಲೇ ನೋಡು. 300 ಎರಡು ಸಲ ಬಂದರೆ ಡಾಕ್ಟರ್‌ಗೆ ಫೋನ್. ಮಂಪರು ಇದ್ದರೆ ಅಂಕಿ ಎಷ್ಟೇ ಇರಲಿ ಆಸ್ಪತ್ರೆ.”